ಹರಸುವ ಕೈಯಲ್ಲಿ ಹಬ್ಬದ ದೂರು

ನಮ್ಮ ಮಾಮಿಗೆ, ಅಂದರೆ ನನ್ನ ಅತ್ತೆಗೆ, ಸಿಟ್ಟು ಬಂದರೆ ಬೈಯುವುದಿಲ್ಲ. ಬೈದುಬಿಟ್ಟರೆ ನಾನೂ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದೆ, ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಆದರೆ ಆಕೆ "ಪರವಾಗಿಲ್ಲ ಬಿಡು" ಅನ್ನುತ್ತಾರೆ. ಆ "ಪರವಾಗಿಲ್ಲ" ಕೇಳಿದರೆ ಎರಡು ದಿನ ಊಟ ಸೇರುವುದಿಲ್ಲ, ನೋಡಿ!

ಆ ವರ್ಷ ನಮ್ಮ ಬಡಗರ ದೇವತೆ ಹೆತ್ತೆಯ ಹಬ್ಬಕ್ಕೆ ಮಾಮಿಯ ಮಗಳು, ನನ್ನ ನಾದಿನಿ, ಬರಲಿಲ್ಲ. ಮದುವೆಯಾಗಿ ಮೂರು ವರ್ಷ. ಗಂಡ ಅರಣ್ಯ ಇಲಾಖೆಯವನು, ತೆಪ್ಪಕಾಡಿನ ಕ್ವಾರ್ಟರ್ಸಿನಲ್ಲಿ ವಾಸ. ನಮ್ಮ ಹಟ್ಟಿಗೆ ಅಲ್ಲಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬಂದುಬಿಡಬಹುದು. ಆದರೂ ಬರಲಿಲ್ಲ. "ಆಗುತ್ತಿಲ್ಲ ಅವ್ವೆ" ಅಂತ ಒಂದೇ ಮಾತು. ಹಬ್ಬ ಮುಗಿದ ಮೇಲೆ ಮಾಮಿ "ಎಲ್ಲರೂ ಬಂದಿದ್ದರು" ಅಂತ ಒಂದು ಸಂದೇಶ ಕಳಿಸಿದರು. ಅವಳು ಓದಿದಳು, ಉತ್ತರ ಕೊಡಲಿಲ್ಲ. ಆಮೇಲೆ ಫೋನೂ ಇಲ್ಲ. ದಿನಾ ಸಂಜೆ ತಾಯಿಗೆ ಫೋನ್ ಮಾಡುತ್ತಿದ್ದ ಹುಡುಗಿ!

ಅಷ್ಟರಲ್ಲಿ ಅವಳ ಮದುವೆಯ ವಾರ್ಷಿಕ ದಿನ ಬಂತು. ತೋಟದಲ್ಲಿ ಹಿಮ ಬಿದ್ದು ಚಹಾ ಎಲೆಯೆಲ್ಲ ಸುಟ್ಟಂತಾಗಿತ್ತು, ಕೀಳಲು ಏನೂ ಇರಲಿಲ್ಲ. ಒಲೆ ಮುಂದೆ ಕೂತಿದ್ದೆವು. "ಫೋನ್ ತೆಗಿ, ಹೆಣ್ಣೇ, ನಾನು ಹೇಳುತ್ತೇನೆ, ನೀನು ಬರಿ" ಅಂದರು ಮಾಮಿ. ನಾವು ಮನೆಯಲ್ಲಿ ಆಡುವುದು ಬಡಗ ಮಾತು, ಫೋನಿನಲ್ಲಿ ಒತ್ತುವುದು ತಮಿಳು ಅಕ್ಷರ. ಅವರು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ಮಗಳೇ, ಮದುವೆಯ ದಿನಕ್ಕೆ ನಮ್ಮೆಲ್ಲರ ಆಶೀರ್ವಾದ. ನೀನು ಹಬ್ಬಕ್ಕೆ ಬರದಿದ್ದರೂ ನಾವು ನಿನ್ನನ್ನು ಮರೆತಿಲ್ಲ. ಊರಿಗೆ ಊರೇ ನಿನ್ನನ್ನು ಕೇಳಿತು, ಉತ್ತರ ಹೇಳಿ ಹೇಳಿ ನನಗೆ ಸಾಕಾಯಿತು. ನಿನಗೆಂದು ಎತ್ತಿಟ್ಟ ತುಪ್ಪದ ಹಿಟ್ಟು ಕೊನೆಗೆ ನಾಯಿಯ ಪಾಲಾಯಿತು. ಪರವಾಗಿಲ್ಲ, ನೀನು ಸುಖವಾಗಿದ್ದರೆ ಸಾಕು."

ತುಪ್ಪದ ಹಿಟ್ಟು ಅಂದರೆ ತುಪ್ಪದಲ್ಲಿ ಕರಿದ, ಪೂರಿಯಂಥ ನಮ್ಮ ಹಬ್ಬದ ತಿಂಡಿ. ಒತ್ತುತ್ತಾ ಒತ್ತುತ್ತಾ ನನ್ನ ಬೆರಳು ನಿಧಾನವಾಯಿತು. "ಕಳಿಸು" ಅಂದರು.

"ಕಳಿಸೋದಿಲ್ಲ, ಮಾಮಿ."

"ಯಾಕೆ? ಸುಳ್ಳು ಬರೆಸಿದೆನಾ?"

"ಸುಳ್ಳಲ್ಲ. ಆದರೆ ಒಂದು ಸಾಲು ಹರಸಿದ್ದೀರಿ, ನಾಲ್ಕು ಸಾಲು ಚುಚ್ಚಿದ್ದೀರಿ. ಇದನ್ನು ಓದಿ ಅವಳು 'ನನ್ನದು ತಪ್ಪಾಯ್ತು' ಅನ್ನಬೇಕು, ಇಲ್ಲ ಸುಮ್ಮನಿರಬೇಕು. ಈಗಾಗಲೇ ಸುಮ್ಮನಿದ್ದಾಳೆ. ಇದೂ ಹೋದರೆ ಮಗಳ ದನಿಯೇ ನಿಮಗೆ ಕೇಳಿಸದು!"

ಮಾಮಿಯ ಮುಖ ಊದಿಕೊಂಡಿತು. "ಹೋಗಲಿ, ಓದಿದವಳು ನೀನು, ನೀನೇ ಬರಿ."

ನನಗೂ ಹಟ ಬಂತು. ಎಲ್ಲ ಅಳಿಸಿ ಹೊಸದಾಗಿ ಬರೆದು, ಸ್ವಲ್ಪ ಜಂಬದಲ್ಲೇ ಓದಿ ಹೇಳಿದೆ: "ಮದುವೆಯ ದಿನದ ಶುಭಾಶಯ. ಹಬ್ಬಕ್ಕೆ ಬರಲಾಗಲಿಲ್ಲವೆಂದು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಮಗೆ ಸ್ವಲ್ಪವೂ ಬೇಜಾರಿಲ್ಲ. ಮುಂದಿನ ವರ್ಷ ಮಾತ್ರ ತಪ್ಪಿಸಬೇಡ."

ಮಾಮಿ ಸೌದೆ ಮುಂದೆ ತಳ್ಳುತ್ತಾ ನಕ್ಕರು. "ನೀನೂ ಹಬ್ಬವನ್ನೇ ಎಳೆದು ತಂದೆಯಲ್ಲೇ! ಬೇಜಾರಿಲ್ಲ ಅಂದರೆ ಅವಳು ನಂಬುತ್ತಾಳಾ? ನನ್ನ ಮಗಳಿಗೆ ನಾನು ಗೊತ್ತಿಲ್ಲವಾ? ಸಾಲದ್ದಕ್ಕೆ ಮುಂದಿನ ವರ್ಷಕ್ಕೂ ಈಗಲೇ ಹಗ್ಗ ಕಟ್ಟಿದೆ."

ಥೂ, ನಿಜ! ನಾನು ಚುಚ್ಚಿದ್ದು ಸಕ್ಕರೆ ಹಚ್ಚಿದ ಸೂಜಿ, ಅಷ್ಟೇ. ಇಬ್ಬರೂ ಚಹಾ ಕುಡಿದೆವು. ಏನು ಬರೆಯಬೇಕು ಅಂತ ಹೊಳೆಯಲಿಲ್ಲ. ಹಬ್ಬ ಬಿಟ್ಟು ಬರೆಯೋಣ ಅಂದರೆ ಮಾಮಿಯ ಮನಸ್ಸಲ್ಲಿ ತುಂಬಿದ್ದೇ ಅದು.

ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಗ್ಗಿಸುತ್ತಾರೆ. ಹಿರಿಯರು ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ಜಗಳವಾಡಿದ್ದರೂ ಅಷ್ಟೇ, ಬಗ್ಗಿದ ತಲೆಗೆ ಹರಕೆ ಕೊಡದೆ ಕಳಿಸುವುದಿಲ್ಲ. ಅದು ನೆನಪಾಗಿ ಲೋಟ ಕೆಳಗಿಟ್ಟು ಮಾಮಿಯ ಮುಂದೆ ತಲೆ ಬಗ್ಗಿಸಿದೆ.

"ಇದೇನೇ ಈಗ?"

"ನಾನು ನಿಮ್ಮ ಮಗಳು ಅಂದುಕೊಳ್ಳಿ. ಬಾಗಿಲಿಗೆ ಬಂದು ತಲೆ ಬಗ್ಗಿಸಿದ್ದೇನೆ."

ಅವರ ಕೈ ತಾನಾಗಿಯೇ ಬಂತು. ಹೊಗೆ ವಾಸನೆಯ ಬೆಚ್ಚಗಿನ ಕೈ. ಬಾಯಿಯೂ ತಾನಾಗಿಯೇ ತೆರೆಯಿತು: "ಚೆನ್ನಾಗಿ ಬದುಕು, ಬಾಳು. ಒಂದಿದ್ದದ್ದು ಸಾವಿರವಾಗಲಿ. ಗಂಡ ಹೆಂಡತಿ ಹಾಲಿನ ಹಾಗೆ ಬೆರೆತಿರಿ. ಮಡಿಲು ತುಂಬಲಿ. ಹೋದ ಕಡೆ ಒಳ್ಳೆಯದಾಗಲಿ."

ಕೈ ಕೆಳಗಿಂದಲೇ ಕೇಳಿದೆ: "ಹಬ್ಬಕ್ಕೆ ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲವಲ್ಲ, ಮಾಮಿ?"

"ತಲೆ ಮೇಲೆ ಕೈಯಿಟ್ಟು ಯಾರಾದರೂ ಲೆಕ್ಕ ಕೇಳುತ್ತಾರಾ?" ಅಂದವರಿಗೆ ತಮ್ಮ ಮಾತು ತಮಗೇ ತಟ್ಟಿತು. ಕೈ ಮಾತ್ರ ತೆಗೆಯಲಿಲ್ಲ.

"ಬೇಜಾರಾಗಿದ್ದರೆ ಇನ್ನೊಂದು ದಿನ ನೇರವಾಗಿ ಹೇಳಿ, ತಾಯಿಗೆ ಆ ಹಕ್ಕಿದೆ" ಅಂದೆ. "ಆದರೆ ಹರಕೆಯೊಳಗೆ ಮಡಚಿ ಇಟ್ಟು ಕಳಿಸಬೇಡಿ."

"ಸರಿ, ಈಗ ಅಂದದ್ದನ್ನೇ ಬರಿ."

ಬರೆಯುತ್ತಾ "ಮಡಿಲು ತುಂಬಲಿ" ಅನ್ನುವಲ್ಲಿಗೆ ಬಂದೆ. ಮಾಮಿ ಥಟ್ಟನೆ ನನ್ನ ಕೈ ಹಿಡಿದರು. "ಅದು ಬೇಡ."

ನಾನು ಮುಖ ನೋಡಿದೆ. ಅವರು ಒಲೆಯನ್ನೇ ನೋಡುತ್ತಿದ್ದರು. "ಹೋದ ವರ್ಷ ಹಬ್ಬದಲ್ಲಿ ಕಂಡ ಕಂಡವರೆಲ್ಲ ಅವಳನ್ನು ಅದನ್ನೇ ಕೇಳಿದರು. ಏನೂ ವಿಶೇಷ ಇಲ್ಲವಾ, ಇನ್ನೂ ಇಲ್ಲವಾ ಅಂತ. ನಾನೂ ನಗುತ್ತಾ ನಿಂತಿದ್ದೆ. ಊರಿಗೆ ಊರೇ ಕೇಳಿತು ಅಂತ ಬರೆಸಿದೆನಲ್ಲೇ, ಪಾಪಿ ನಾನು!"

ನನ್ನ ಕಣ್ಣು ತುಂಬಿತು. ನನಗೇ ಹೊಳೆಯದ್ದು ಆಕೆಗೆ ಹೊಳೆದಿತ್ತು. ಆ ಸಾಲು ತೆಗೆದೆ. ಕೊನೆಗೆ ಏನು ಸೇರಿಸಲಿ ಅಂದಾಗ ಅವರೇ ಹೇಳಿದರು: "ನಿನ್ನ ನೆನಪಾಯಿತು. ತುಪ್ಪದ ಹಿಟ್ಟು ನೀನು ಯಾವತ್ತು ಬಂದರೂ ಸುಟ್ಟುಕೊಡುತ್ತೇನೆ. ಬರಲಾಗದಿದ್ದರೆ ಹೇಳು, ಡಬ್ಬಿಯಲ್ಲಿ ಕಳಿಸುತ್ತೇನೆ." ಹಬ್ಬ ಇಲ್ಲ, ಊರು ಇಲ್ಲ, ನಾಯಿಯೂ ಇಲ್ಲ. ಕಳಿಸಿದೆ.

ತೆಪ್ಪಕಾಡಿನಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಬಹಳ ಹೊತ್ತು ಒಂದೇ ಟಿಕ್ ಇತ್ತು. ಮಾಮಿ ಅವರೆ ಬಿಡಿಸಲು ಕೂತರು, ಎರಡು ಕಾಳಿಗೊಮ್ಮೆ "ಹೋಯಿತಾ?" ಅನ್ನುವರು. ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿ ಮಣೆಯ ಮೇಲಿಟ್ಟೆ.

"ಅವ್ವೆ" ಅಂದಳು ನಾದಿನಿ. "ತಲೆ ಬಗ್ಗಿಸಿದ್ದೇನೆ."

ಮಾಮಿ ಅವರೆ ಸಿಪ್ಪೆ ಕೊಡವಿ ಕೈ ಚಾಚಿ ಫೋನಿನ ಮೇಲಿಟ್ಟರು. "ಬದುಕು, ಬಾಳು" ಅಂದರು.

"ಹಬ್ಬಕ್ಕೆ ನಾನು ಯಾಕೆ ಬರಲಿಲ್ಲ ಅಂದರೆ, ಅವ್ವೆ..."

"ಗೊತ್ತು ಮಗಳೇ. ನೀನು ಬರಬೇಡ. ಹಿಟ್ಟು ಸುಟ್ಟುಕೊಂಡು ನಾಳೆ ನಾನೇ ಬರುತ್ತೇನೆ."

ಆ ಕಡೆಯಿಂದ ಜೋರಾಗಿ ಅಳು ಕೇಳಿಸಿತು. ಅಳು ನಿಲ್ಲುವವರೆಗೆ ಮಾಮಿ ಫೋನಿನ ಮೇಲಿನ ಕೈ ತೆಗೆಯಲಿಲ್ಲ.