ಉಕ್ಕಿನ ಮೇಲಿನ ಕುಳಿ

ಬಾಗಲಕೋಟೆಯ ಕಾಲೇಜೊಂದರಲ್ಲಿ ಲೋಹ ಪರೀಕ್ಷಿಸುವ ಪ್ರಯೋಗಾಲಯ ನನ್ನ ಉಸ್ತುವಾರಿಯಲ್ಲಿತ್ತು. ಒಂದು ಬೆಳಿಗ್ಗೆ ಇಳಕಲ್ಲಿನ ಕಲ್ಲುಗಣಿಯ ಮೇಸ್ತ್ರಿಯೊಬ್ಬರು ಕ್ರೇನಿನ ಕೊಕ್ಕೆಯನ್ನು ಹಿಡಿದಿಡುವ ಎರಡು ಉಕ್ಕಿನ ಪಿನ್ನುಗಳನ್ನು ಗೋಣಿಚೀಲದಲ್ಲಿ ತಂದರು. ಒಂದು, ವರ್ಷಗಟ್ಟಲೆ ದುಡಿದು ಸವೆದದ್ದು, ಇನ್ನೊಂದು ಹೊಸದು.

“ಹೊಸಾದು ಹಳೇದರಷ್ಟ ಗಟ್ಟಿ ಐತೇನ್ರಿ ಮೇಡಂ? ಆದ್ರ ಕೊಯ್ಯಬ್ಯಾಡ್ರಿ, ಇರೋದು ಇದೊಂದ.”

ಎಳೆದು ಮುರಿಯುವ ಪರೀಕ್ಷೆಗಾದರೆ ಕೊಯ್ಯಲೇಬೇಕಿತ್ತು. ಹಾಗಾಗಿ ಎರಡರ ತುದಿಗೂ ಗಡುಸಾದ ಗುಂಡೊಂದನ್ನು ಒಂದೇ ಭಾರದಲ್ಲಿ ಒತ್ತಿ, ಬಿದ್ದ ಕುಳಿಗಳ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದೆ. ಹೊಸದರ ಕುಳಿ ಅಗಲವಾಗಿತ್ತು, ಅಂದರೆ ಉಕ್ಕು ಮೆತ್ತಗಿತ್ತು. ಗಡಸುತನದ ಅಂಕಿ ಹಳೆಯದಕ್ಕೆ ಇನ್ನೂರ ತೊಂಬತ್ತು, ಹೊಸದಕ್ಕೆ ನೂರೈವತ್ತು. ಈ ಅಂಕಿಯನ್ನು ಮೂರೂವರೆಯಿಂದ ಗುಣಿಸಿದರೆ, ಉಕ್ಕು ಎಷ್ಟು ಎಳೆತ ತಾಳುತ್ತದೆಂಬುದು ಮೆಗಾಪಾಸ್ಕಲ್‌ಗಳಲ್ಲಿ ಸುಮಾರಾಗಿ ಸಿಗುತ್ತದೆ.

“ಇದು ಅಂದಾಜ್ರಿ,” ಎಂದೆ. “ಆದ್ರ ಹೊಸಾದಕ್ಕ ಹಳೇದರ ಅರ್ಧದಷ್ಟ ತಾಕತ್ತು. ಹಾಕಬ್ಯಾಡ್ರಿ.”

ಅವರು ಹೊಸ ಪಿನ್ನನ್ನು ಮತ್ತೆ ಗೋಣಿಚೀಲಕ್ಕೆ ಹಾಕಿದರು. “ಕ್ರೇನಿನ ಕೆಳಗ ನಿಂತು ಕಲ್ಲಿಗೆ ಸರಪಳಿ ಕಟ್ಟಾವ ನನ್ನ ತಮ್ಮರಿ,” ಎಂದು ಅದನ್ನು ಅಂಗಡಿಗೆ ಮರಳಿಸಲು ಹೊರಟರು.

ಎಂಟು ದಿನ ಬಿಟ್ಟು ಬೇರೊಂದನ್ನು ತಂದರು. ಅದರ ಕುಳಿ ಹೆಚ್ಚುಕಡಿಮೆ ಹಳೆಯದರಷ್ಟೇ ಇತ್ತು. ಅವರು ಅಮೀನಗಡದ ಕರದಂಟು ಮಿಠಾಯಿಯನ್ನು ಮೇಜಿನ ಮೇಲಿಟ್ಟು, ಆ ಪುಟ್ಟ ದುಂಡು ಕುಳಿಯನ್ನು ಸೂಕ್ಷ್ಮದರ್ಶಕದಲ್ಲಿ ತಾವೇ ಬಹಳ ಹೊತ್ತು ನೋಡಿ ನಕ್ಕರು.