ಮಾಲಕರ ಗೊರಕೆ

ನನ್ನ ಮಗನಿಗೆ ಮಾವನವರ ಹೆಸರನ್ನೇ ಇಟ್ಟೆವು. ಅವನು ಹುಟ್ಟುವ ಹಿಂದಿನ ವರ್ಷ ಮಾವ ನಿದ್ದೆಯಲ್ಲೇ ತೀರಿಕೊಂಡಿದ್ದರು. ಹೋದವರೇ ತಿರುಗಿ ಬಂದರು ಎಂದು ಮನೆಮಂದಿಯೆಲ್ಲ ಹಿಗ್ಗಿದರು. ಅತ್ತೆಗೆ ಮಾತ್ರ ಒಂದು ಫಜೀತಿ ಬಂತು. ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡದವರು ಮೊಮ್ಮಗನನ್ನು ಕೂಗುವುದಾದರೂ ಹೇಗೆ? ಗಂಡನನ್ನು ಕರೆಯುತ್ತಿದ್ದಂತೆ "ಮಾಲಕರು" ಎಂದೇ ಕರೆಯತೊಡಗಿದರು. ತೊಟ್ಟಿಲನ್ನೆಲ್ಲ ತೋಯಿಸಿಕೊಂಡು ಅಳುವ ಕೂಸಿಗೆ "ಮಾಲಕರಿಗೆ ಸಿಟ್ಟ ಬಂದೈತಿ, ಲಗೂನ ಬಾರವ್ವಾ" ಎಂದು ನನ್ನನ್ನು ಕೂಗುತ್ತಿದ್ದರು. ಆಲಮೇಲದ ನಮ್ಮ ಓಣಿಯೆಲ್ಲ ನಗುತ್ತಿತ್ತು. ನಾನೂ ನಕ್ಕವಳೇ.

ಎಪ್ಪತ್ತರ ದಶಕದ ಮಾತಿದು. ಹುಡುಗನಿಗೆ ನಾಲ್ಕು ತುಂಬುವ ಹೊತ್ತಿಗೆ ಗೊರಕೆ ಶುರುವಾಯಿತು. ಅಂಥಿಂಥ ಗೊರಕೆಯಲ್ಲ, ಪಡಸಾಲೆಯಲ್ಲಿ ಮಲಗಿದರೆ ದನದ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಮಾವನವರ ಗೊರಕೆ ಊರಿಗೇ ಹೆಸರಾಗಿತ್ತು. ಹೀಗಾಗಿ ಅತ್ತೆಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಮಾವನವರ ಹೊರಸನ್ನು ಹುಡುಗನಿಗೆ ಬಿಟ್ಟುಕೊಟ್ಟು, ತಾವು ಪಕ್ಕದಲ್ಲಿ ಕೌದಿ ಹಾಸಿಕೊಂಡು ಮಲಗುತ್ತಿದ್ದರು. "ಬಂದಾರ ನೋಡ, ಖರೇನ ಬಂದಾರ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಲಗಿದ ಮಾಲಕರನ್ನು ಯಾರೂ ಎಬ್ಬಿಸಕೂಡದು, ಮಗ್ಗಲು ಹೊರಳಿಸಕೂಡದು ಎಂಬ ಕಟ್ಟಪ್ಪಣೆಯೂ ಆಯಿತು.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಅವನ ಹತ್ತಿರ ಕೂತಿದ್ದೆ. ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ಮಲಗಿದ್ದ. ಗೊರಕೆ ತಟ್ಟನೆ ನಿಂತಿತು. ಸದ್ಯ, ಸುಮ್ಮನಾದ ಎಂದುಕೊಂಡು ತಿರುಗಿ ನೋಡಿದರೆ, ಹೊಟ್ಟೆ ಏರಿಳಿಯುತ್ತಿದೆ, ಗಂಟಲ ಕೆಳಗಿನ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿದೆ, ಮೂಗಿನ ಮುಂದೆ ಬೆರಳು ಹಿಡಿದರೆ ಗಾಳಿಯೇ ಇಲ್ಲ. ಎಬ್ಬಿಸಲೆಂದು ಭುಜಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಮುಳುಗಿ ಎದ್ದವನಂತೆ ಒಮ್ಮೆಲೇ ಉಸಿರೆಳೆದುಕೊಂಡು, ಮೈಯೆಲ್ಲ ಬೆವೆತು, ಮತ್ತೆ ಗೊರಕೆ ಹಿಡಿದ.

"ಅತ್ತೀ, ಉಸರ ನಿಂತಿತ್ತರಿ ಇವಂದು!"

"ನಿಂದರತೈತಿ, ಬರತೈತಿ," ಎಂದರು ಅತ್ತೆ ಬತ್ತಿ ಹೊಸೆಯುತ್ತ. "ಅವರದೂ ಹಂಗ ಇತ್ತು. ನೀ ಎಬ್ಬಸಬ್ಯಾಡ."

ಆಮೇಲೆ ನನಗೆ ಅದೇ ಕೆಲಸವಾಯಿತು. ಅವನು ಮಲಗಿದಾಗಲೆಲ್ಲ ಕಿವಿ ಅತ್ತಲೇ. ಗೊರಕೆ ಇದ್ದರೆ ಬೇಸರ, ನಿಂತರೆ ಭಯ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಬಂತು. ರೊಟ್ಟಿ ತಿನ್ನಲು ಕೂತರೆ ನಡುವೆ ಅಗಿಯುವುದನ್ನು ಬಿಟ್ಟು ಬಾಯಿಂದ ಉಸಿರಾಡುತ್ತಿದ್ದ. ಓರಗೆಯ ಹುಡುಗರಿಗಿಂತ ಗಿಡ್ಡನಾಗಿ ಉಳಿದ. ಶಾಲೆಗೆ ಹಾಕಿದ ಮೇಲೆ ಮಾಸ್ತರರು ಮನೆಗೇ ಬಂದರು. "ಅಕ್ಕಾರ, ನಿಮ್ಮ ಹುಡುಗ ಒಂದೋ ಗ್ವಾಡಿಗೆ ಆತು ನಿದ್ದಿ ಮಾಡ್ತಾನ, ಇಲ್ಲಾಂದ್ರ ಮಂದೀನ ಬಡೀತಾನ. ದವಾಖಾನಿಗಿ ತೋರಸ್ರಿ" ಎಂದರು.

ಅತ್ತೆ ಹಾರಿಬಿದ್ದರು. ದವಾಖಾನೆಯವರು ಗಂಟಲು ಕೊಯ್ಯುತ್ತಾರೆ, ಮಾಲಕರು ಬಂದ ಗುರುತೇ ಅಳಿಸಿಹೋಗುತ್ತದೆ ಎಂದು ಅವರ ವಾದ. ನನ್ನ ಗಂಡ ತಾಯಿಯ ಮಾತಿಗೆ ಎದುರಾಡುವವರಲ್ಲ. "ಸುಗ್ಗಿ ಮುಗೀಲಿ, ನೋಡೋಣ" ಎಂದು ಹೊಲದ ಹಾದಿ ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಸುಗ್ಗಿಗೇನು, ಪ್ರತಿವರ್ಷವೂ ಬರುತ್ತದೆ. ಹುಡುಗನ ಮುಖ ತೊಳೆದು ಅಂಗಿ ತೊಡಿಸಿ ಹೊರಟೆ.

"ಬೇಕಾದ್ರ ನೀವೂ ಬರ್ರಿ, ಅತ್ತೀ. ನಿಮ್ಮ ಮಾಲಕರನ್ನ ನೀವ ಕಾಯ್ಕೋರಿ," ಎಂದೆ. ಹಾಗೆಲ್ಲ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಚಪ್ಪಲಿ ಮೆಟ್ಟಿಕೊಂಡು ಬಂದೇ ಬಿಟ್ಟರು.

ಸಿಂದಗಿಯ ಬಸ್ಸು ಹತ್ತಿದೆವು. ನಮ್ಮಿಬ್ಬರ ನಡುವೆ ಹುಡುಗ ಗೊರಕೆ ಹೊಡೆಯುತ್ತ ಬಂದ. ದವಾಖಾನೆಯಲ್ಲಿ ಪಾಳಿ ಕಾಯುವಾಗಲೂ ನನ್ನ ತೊಡೆಯ ಮೇಲೆ ಮತ್ತೆ ಮಲಗಿದ. ಒಳಗೆ ಹೋದಾಗ ನಾನು ಅವನನ್ನು ಎಬ್ಬಿಸಲು ನೋಡಿದರೆ ಡಾಕ್ಟರು ತಡೆದರು.

"ಎಬ್ಬಸಬ್ಯಾಡ್ರಿ. ನನಗ ಇದನ್ನ ನೋಡೂದೈತಿ."

ಮಂಚದ ಮೇಲೆ ಮಲಗಿಸಿ, ಅಂಗಿ ಮೇಲೆತ್ತಿ, ಎದೆಯನ್ನೇ ನೋಡುತ್ತ ಕೇಳಿದರು. ಗೊರಕೆ ನೆಗಡಿ ಇದ್ದಾಗ ಮಾತ್ರವೋ, ದಿನಾಲೂ ಇದೆಯೋ? ಬೆವರುತ್ತಾನೆಯೇ? ಹಾಸಿಗೆ ತೋಯಿಸುತ್ತಾನೆಯೇ? ಹಗಲು ಹೇಗಿರುತ್ತಾನೆ? ನಾನು ಹೇಳುತ್ತಿದ್ದಂತೆ ಗೊರಕೆ ನಿಂತಿತು.

ಆ ಚಿಕ್ಕ ಕೋಣೆಯಲ್ಲಿ ಬೇರೆ ಸಪ್ಪಳವೇ ಇರಲಿಲ್ಲ. ಹುಡುಗನ ಪಕ್ಕೆಲುಬುಗಳ ಸಂದುಗಳು ಒಳಗೆ ಹೋದವು. ಹೊಟ್ಟೆ ಒದ್ದಾಡಿತು.

"ಬರತೈತಿ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ತಡೀರಿ, ಬರತೈತಿ."

ಬರಲಿಲ್ಲ. ತುಟಿಯ ಬಣ್ಣ ಕಂದಿತು. ಡಾಕ್ಟರು ಅವನ ಗದ್ದ ಎತ್ತಿ ಹಿಡಿಯಲು ಕೈ ಚಾಚಿದರು. ಅಷ್ಟರಲ್ಲಿ ಅತ್ತೆ ಓಡಿ ಬಂದು ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿ ಅವನ ಹೆಸರು ಹಿಡಿದು ಕೂಗಿದರು. ಗಂಡನ ಹೆಸರದು. ಮದುವೆಯಾದಂದಿನಿಂದ ಅವರ ಬಾಯಿಂದ ಯಾರೂ ಕೇಳಿರದ ಹೆಸರು. ಕೂಗಿದ ದನಿಗೆ ಹೊರಗಿನ ರೋಗಿಗಳೆಲ್ಲ ಬಾಗಿಲಿಗೆ ಬಂದರು. ಹುಡುಗ ಗಕ್ಕನೆ ಉಸಿರೆಳೆದು, ಕಣ್ಣು ಬಿಟ್ಟು, ಅಜ್ಜಿಯನ್ನು ನೋಡಿ ಅಳತೊಡಗಿದ.

ಅತ್ತೆ ಅಲ್ಲೇ ನೆಲಕ್ಕೆ ಕೂತರು. "ಅವತ್ತ ನಸಿಕಿನ್ಯಾಗ ಅವರದೂ ಹಿಂಗ ನಿಂತಿತ್ತರಿ, ಡಾಕ್ಟರ," ಎಂದರು. "ಬರತೈತಿ ಅಂತ ನಾ ಮಗ್ಗಲಾಗಿ ಮಲಗಿದೆ. ಬರಲೇ ಇಲ್ಲರಿ."

ಮಾವ ಅದರಿಂದಲೇ ಹೋದರೋ, ಎದೆ ನಿಂತು ಹೋದರೋ, ಈಗ ಯಾರೂ ಹೇಳಲಾರರು. ಡಾಕ್ಟರೂ ಹೇಳಲಿಲ್ಲ. "ಆಯಿ, ಅದು ನಿಮ್ಮ ತಪ್ಪಲ್ಲ" ಎಂದಷ್ಟೇ ಹೇಳಿ, ಹುಡುಗನ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನನಗೂ ತೋರಿಸಿದರು. ಗಂಟಲಿನ ಎರಡೂ ಕಡೆಯ ಗಡ್ಡೆಗಳು ಒಂದಕ್ಕೊಂದು ತಾಗುವಷ್ಟು ಬೆಳೆದಿದ್ದವು. ಮೂಗಿನ ಹಿಂದೆ, ನಮಗೆ ಕಾಣದ ಜಾಗದಲ್ಲಿಯೂ ಅಂಥದೇ ಮಾಂಸ ಬೆಳೆದಿರಬೇಕು ಎಂದರು. ಎಚ್ಚರವಿದ್ದಾಗ ಹೇಗೋ ಉಸಿರಾಟ ನಡೆಯುತ್ತದೆ, ನಿದ್ದೆಯಲ್ಲಿ ಗಂಟಲು ಸಡಿಲಾದರೆ ದಾರಿ ಮುಚ್ಚಿಕೊಳ್ಳುತ್ತದೆ.

"ನೆಗಡಿ ಆದಾಗ ನಾಕ ದಿನ ಗೊರಕಿ ಹೊಡದ್ರ ಅಂಜೂ ಕಾರಣ ಇಲ್ಲ. ದಿನಾ ಜೋರ ಹೊಡದ್ರ, ನಡುವ ಉಸರ ನಿಂತ್ರ, ಹಗಲ ಹಿಂಗ ನಿದ್ದಿಗಣ್ಣಾಗ ಜೋಲಿ ಹೊಡದ್ರ, ಡಾಕ್ಟರಿಗೆ ತೋರಸಬೇಕು. ತುಟಿ ನೀಲಿ ಆತಂದ್ರ ಆ ಕ್ಷಣಾನ ಓಡಿ ಬರಬೇಕು. ನಿದ್ದಿ ಬರೂ ಔಷಧ ಮಾತ್ರ ಏನೂ ಹಾಕಬ್ಯಾಡ್ರಿ," ಎಂದರು. ಆ ದಿನವೇ ನಮ್ಮನ್ನು ವಿಜಾಪುರಕ್ಕೆ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು.

ಅಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಂಡ ಸುಗ್ಗಿ ಬಿಟ್ಟು ಬಂದರು. ಬಾವು ಇಳಿಯುವವರೆಗೆ ಗೊರಕೆ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರೂ, ಆ ದಿನಗಳಲ್ಲಿ ಅತ್ತೆ ಹುಡುಗನ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ತಣ್ಣಗಾದ ತೆಳು ಅಂಬಲಿಯನ್ನು ಅವರೇ ಚಮಚದಲ್ಲಿ ಕುಡಿಸಿದರು. ನಾನು ಮುಟ್ಟಲು ಹೋದರೆ ಬೈದರು. ನನಗೆ ಸಿಟ್ಟು ಬರಲಿಲ್ಲ.

ಊರಿಗೆ ಬಂದು ಕೆಲವು ವಾರಗಳಾಗಿದ್ದವು. ಒಂದು ಮಧ್ಯಾಹ್ನ ಹುಡುಗ ಅದೇ ಹೊರಸಿನ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದ್ದ. ಪಡಸಾಲೆ ಎಷ್ಟು ಸುಮ್ಮನಿತ್ತೆಂದರೆ, ನೊಣ ಹಾರಿದ್ದೂ ಕೇಳುತ್ತಿತ್ತು. ಅತ್ತೆಗೆ ಗಂಡ ಎರಡನೆಯ ಸಲ ಹೋದಂತೆ ಆಗಿರಬಹುದೆಂದು ನನಗೆ ಅಳುಕಿತ್ತು. ಮೆಲ್ಲಗೆ ಹತ್ತಿರ ಹೋಗಿ ಕೂತೆ.

ಅವರು ಹುಡುಗನ ಹೆಸರನ್ನು ಹೇಳಿ, "ಎಷ್ಟ ಚಂದ ಮಲಗ್ಯಾನ ನೋಡ" ಎಂದರು. ಬಹುವಚನ ಹೋಗಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡಿದರು.

"ಇಂಥಾ ನಿದ್ದಿ ಅವರು ಒಂದ ದಿನಾನೂ ಕಾಣಲಿಲ್ಲವ್ವಾ. ಆ ಗೊರಕೀನ ನಾ ಸುಖಾ ಅಂದ್ಕೊಂಡಿದ್ದೆ."