ಖರ್ಚಾಗದ ಲೆಟರ್‌ಹೆಡ್

ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುವಾಗ ಬೆಳಗಾವಿಯ ಒಂದು ಟ್ರಸ್ಟು ನನಗೆ ವಿದ್ಯಾರ್ಥಿವೇತನ ಮಂಜೂರು ಮಾಡಿತ್ತು. ಹಣ ನೇರವಾಗಿ ಕಾಲೇಜಿನ ಖಾತೆಗೆ ಬರಬೇಕು, ಅದರಲ್ಲೇ ನನ್ನ ಶುಲ್ಕ ಜಮಾ ಆಗಬೇಕು. ಮಂಜೂರಾತಿ ಪತ್ರ ಬಂತು, ಹಣ ಬರಲಿಲ್ಲ. ಶುಲ್ಕ ಬಾಕಿ ಇದ್ದವರ ಪರೀಕ್ಷೆಯ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ನೋಟಿಸ್ ಹಚ್ಚಿದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ‘ಕೊಡುವ ಮನಸ್ಸಿಲ್ಲದಿದ್ದರೆ ಮಂಜೂರು ಮಾಡಿದ್ದೇಕೆ?’ ಎಂದೇ ಶುರುಮಾಡಿ ಟ್ರಸ್ಟಿಗೆ ಎರಡು ಪುಟ ಬರೆದೆ.

ಹಣ ಜಮಾ ಆಗಿಲ್ಲವೆಂದು ಪ್ರಾಚಾರ್ಯರ ಪತ್ರವೂ ಜೊತೆಗಿರಬೇಕಿತ್ತು. ಆಫೀಸಿನ ಸೂಪರಿಂಟೆಂಡೆಂಟ್ ನಾನು ಬರೆದದ್ದನ್ನು ಓದಿ ಕನ್ನಡಕ ತೆಗೆದರು.

“ತಂಗಿ, ಇದು ರೊಕ್ಕ ಕೇಳೂದೋ, ಜಗಳಾ ತಗಿಯೂದೋ?”

“ಎರಡೂ ರೀ ಸರ.”

ನಗುತ್ತಲೇ ಕಾಲೇಜಿನ ಲೆಟರ್‌ಹೆಡ್ ಮೇಲೆ ಪತ್ರ ತಯಾರಿಸಿ, ಸಹಿ ಮಾಡಿಸಿಕೊಟ್ಟರು. ಎರಡನ್ನೂ ರಿಜಿಸ್ಟರ್ ಪೋಸ್ಟ್ ಮಾಡಿದೆ.

ಮುಂದಿನ ವಾರ ಟ್ರಸ್ಟಿನ ಆಫೀಸಿನಿಂದ ಒಬ್ಬ ಹೆಣ್ಣುಮಗಳ ಫೋನು.

“ನಿಮ್ಮ ಪತ್ರ ಓದಿದ್ವಿ ರೀ. ಭಾಳ ಖಾರ ಐತಿ. ಆದ್ರ ರೊಕ್ಕ ನಾವು ಯಾವಾಗೋ ಕಳಿಸೇವಿ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ತಪ್ಪೈತಂತ ಹೊಳ್ಳಿ ಬಂತು. ಕಾಲೇಜಿಗೆ ಮೇಲ್ ಮಾಡಿದ್ರ ಉತ್ತರಿಲ್ಲ. ಈಗ ನಿಮ್ಮ ಪ್ರಾಚಾರ್ಯರ ಪತ್ರದಾಗೂ ಅದೇ ತಪ್ಪು ಕೋಡ್ ಐತಲ್ರಿ!”

ಪತ್ರದ ನಕಲು ತೆಗೆದು ನೋಡಿದರೆ ಹೌದು. ಲೆಟರ್‌ಹೆಡ್ಡಿನ ಅಡಿಯಲ್ಲಿ ಖಾತೆ ನಂಬರು, ಕೋಡು ಎಲ್ಲ ಅಚ್ಚಾಗಿತ್ತು. ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಹೋಗಿದ್ದ ಕಾಲೇಜಿನ ದೃಢೀಕರಣ ಪತ್ರವೂ ಅದೇ ಹಾಳೆಯದು. ಆಫೀಸಿಗೆ ಓಡಿದೆ.

“ಬ್ಯಾಂಕ್ ವಿಲೀನ ಆಗಿ ಕೋಡ್ ಬದಲಾಗೈತಿ, ನನಗ ಗೊತ್ತೈತಿ ತಂಗಿ,” ಎಂದರು ಸೂಪರಿಂಟೆಂಡೆಂಟ್, ತಣ್ಣಗೆ. “ಆದ್ರ ಇನ್ನೂ ಎರಡು ಬಂಡಲ್ ಉಳದಾವ. ರೊಕ್ಕ ಕೊಟ್ಟು ಅಚ್ಚ ಹಾಕ್ಸಿದ್ದು, ಒಗ್ಯಾಕ ಬರ್ತೈತೇನು?”

“ಅಯ್ಯ ಸರ! ನಿಮ್ಮ ಹಾಳಿ ಉಳಸಾಕ ಹೋಗಿ ನನ್ನ ವರ್ಷ ಹಾಳ ಮಾಡ್ತೀರೇನ್ರಿ?”

ಅವರ ಮುಖ ಸಣ್ಣದಾಯಿತು. ಪಾಪ, ಕೆಟ್ಟ ಮನುಷ್ಯರಲ್ಲ. ತಾವೇ ಬ್ಯಾಂಕಿಗೆ ಹೋಗಿ ಹೊಸ ಕೋಡ್ ಬರೆಸಿಕೊಂಡು ಬಂದು, ನನ್ನೆದುರೇ ಮೇಲ್ ಮಾಡಿದರು. ಮೂರನೇ ದಿನ ಹಣ ಜಮಾ ಆಯಿತು.

ಖಾತ್ರಿ ಮಾಡಿಕೊಳ್ಳಲು ಟ್ರಸ್ಟಿನವರು ಮತ್ತೆ ಫೋನ್ ಮಾಡಿದಾಗ, ಪತ್ರದಲ್ಲಿ ಬರೆದ ಮಾತಿಗೆ ಕ್ಷಮೆ ಕೇಳಿದೆ.

“ಬಿಡ್ರಿ, ಬೈದು ಪತ್ರ ಬರದದ್ದ ಚಲೋ ಆತು. ನಿಮ್ಮ ಕಾಲೇಜಿನ ಇನ್ನೊಬ್ಬಾಕಿ ರೊಕ್ಕಾನೂ ಹಿಂಗ ಹೊಳ್ಳಿ ಬಂದೈತಿ. ಆಕಿ ಒಂದ ಅಕ್ಷರ ಬರದಿಲ್ಲ. ಫೋನೂ ಹತ್ತವಲ್ದು.”

ಯಾರೆಂದು ಹೆಸರು ಕೇಳಿದೆ. ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ತಿಂಗಳಿಂದ ಬಂದಿರಲಿಲ್ಲ. ಮದುವೆ ಗೊತ್ತಾಗಿರಬೇಕು ಎಂದು ನಾವೆಲ್ಲ ನಕ್ಕಿದ್ದೆವು.

ಮರುದಿನ ಬಸ್ಸು ಹತ್ತಿ ಅವಳ ಊರು ಕಟಕೋಳಕ್ಕೆ ಹೋದೆ. ಅವಳು ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ವಿಷಯ ಹೇಳಿದರೆ ನಂಬಲೇ ಇಲ್ಲ.

“ಯಾಕ ಕೇಳಲಿಲ್ಲ ನೀ?” ಎಂದು ಅವಳನ್ನೂ ಬೈದೆ.

“ದಾನ ಕೊಡಾವ್ರಿಗೆ ಇನ್ನೂ ಯಾಕ ಕೊಟ್ಟಿಲ್ಲ ಅಂತ ಹೆಂಗ ಕೇಳೂದ ಬೇ?” ಎಂದಳು. “ನನಗ ಕೊಡೂದ ಬ್ಯಾಡ ಅಂದಿರಬೇಕು ಅಂತ ತಿಳ್ಕೊಂಡು ಕಾಲೇಜ ಬಿಟ್ಟು ಸುಮ್ಮನಾದೆ.”